ಅರವತ್ತು ಯಾಕೆ ಎಂಬತ್ತರಂತೆ ಕಾಣುತ್ತದೆ? ರೇಸಿಂಗ್ ಗೇಮಿನ ಕ್ಯಾಮೆರಾ ಮತ್ತು ವೇಗದ ಅಂದಾಜು

ನಮ್ಮ ಮಾಮು ಬಸ್ ಚಾಲಕರು. ಬೈಲಹೊಂಗಲ, ಸವದತ್ತಿ, ರಾಮದುರ್ಗ ಕಡೆಯ ರಸ್ತೆಗಳ ಮೇಲೆ ಇಪ್ಪತ್ತು ವರ್ಷಗಳಿಂದ ಸ್ಟೇರಿಂಗ್ ಹಿಡಿದವರು. ಕಳೆದ ಬೇಸಿಗೆ ರಜೆಯಲ್ಲಿ ಅವರು ಮನೆಗೆ ಬಂದಾಗ ನಾನು ಲ್ಯಾಪ್‌ಟಾಪಿನಲ್ಲಿ ಕಾರ್ ರೇಸಿಂಗ್ ಗೇಮ್ ಆಡುತ್ತಿದ್ದೆ. "ಮಾಮು, ನೀವೂ ಒಂದು ಸುತ್ತು ಹೊಡೀರಿ" ಎಂದು ಅವರ ಮುಂದೆ ಇಟ್ಟೆ. ನಿಜವಾದ ಡ್ರೈವರು, ಚೆನ್ನಾಗಿಯೇ ಓಡಿಸುತ್ತಾರೆ ಎಂದು ನನ್ನ ಲೆಕ್ಕ. ಆದರೆ ಮೊದಲ ತಿರುವಿನಲ್ಲೇ ಕಾರು ರಸ್ತೆ ಬಿಟ್ಟು ಹುಲ್ಲಿಗೆ ಇಳಿಯಿತು. ಎರಡನೆಯ ಸುತ್ತಿನಲ್ಲೂ ಹಾಗೆಯೇ ಆಯಿತು. ನಾವು ನಕ್ಕೆವು. ಮಾಮು ನಗಲಿಲ್ಲ. ಸ್ವಲ್ಪ ಹೊತ್ತು ಪರದೆಯನ್ನೇ ನೋಡಿ ಹೀಗೆಂದರು:

"ಬೇಟಾ, ಬಾಜೂಕಿನ ರಸ್ತಾ ನೋಡಿದ್ರ ಎಂಬತ್ತರಾಗ ಓಡಾಕತ್ತೈತಿ. ಮುಂದಿನ ತಿರುವು ನೋಡಿದ್ರ ಅದು ಇನ್ನೂ ಸವದತ್ತಿಯಾಗ ಐತಿ. ಎರಡರಾಗ ಯಾವುದನ್ನ ನಂಬಲಿ?"

ಸ್ಪೀಡೋಮೀಟರಿನಲ್ಲಿ ಇದ್ದದ್ದು ಅರವತ್ತು. ಮಾಮು ಹೇಳಿದ ಮಾತು ನೆಪವಲ್ಲ, ಅದು ರೇಖಾಗಣಿತ ಎಂಬುದು ಆಮೇಲೆ ಲೆಕ್ಕ ಹಾಕಿದಾಗ ತಿಳಿಯಿತು. ನಾವು ಪಿಯುಸಿ ಮೊದಲ ವರ್ಷದಲ್ಲಿ ಕಲಿಯುವ tan ಒಂದೇ ಅದಕ್ಕೆ ಸಾಕು. ಆ ಲೆಕ್ಕವನ್ನೂ, ಅದರಿಂದ ನಾವು ಗೇಮಿನಲ್ಲಿ ಮಾಡಿಕೊಂಡ ಬದಲಾವಣೆಗಳನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಬಸ್ಸಿನ ಎರಡು ಕಿಟಕಿ

ನಾವೆಲ್ಲ ಬಸ್ಸಿನಲ್ಲಿ ಕಾಲೇಜಿಗೆ ಬರುವವರು. ಪಕ್ಕದ ಕಿಟಕಿಯಿಂದ ನೋಡಿದರೆ ಬೇಲಿ, ಲೈಟ್ ಕಂಬ, ಕಬ್ಬಿನ ಸಾಲು ಎಲ್ಲ ಹಿಡಿತಕ್ಕೆ ಸಿಗದಂತೆ ಹಿಂದಕ್ಕೆ ಓಡುತ್ತವೆ. ಚಾಲಕರ ಹಿಂದೆ ನಿಂತು ಮುಂದಿನ ಗಾಜಿನಿಂದ ನೋಡಿದರೆ ಅದೇ ರಸ್ತೆ ನಿಧಾನವಾಗಿ ಹತ್ತಿರ ಬರುತ್ತದೆ. ಬಸ್ಸು ಒಂದೇ, ವೇಗ ಒಂದೇ. ಬದಲಾದದ್ದು ನೋಡುವ ಕೋನ ಮಾತ್ರ.

ನಾವು ಮುಂದಕ್ಕೆ ಚಲಿಸುವಾಗ ಕಣ್ಣ ಮುಂದಿನ ದೃಶ್ಯವೆಲ್ಲ ಒಂದು ಬಿಂದುವಿನಿಂದ ಹೊರಕ್ಕೆ ಹರಡುತ್ತದೆ. ನಾವು ಹೋಗುತ್ತಿರುವ ದಿಕ್ಕಿನಲ್ಲಿರುವ ಆ ಬಿಂದು ಮಾತ್ರ ಅಲುಗಾಡುವುದಿಲ್ಲ. ಅದರಿಂದ ದೂರ ಹೋದಷ್ಟೂ ಹರಿವು ಹೆಚ್ಚುತ್ತದೆ, ನೇರ ಪಕ್ಕಕ್ಕೆ, ಅಂದರೆ 90 ಡಿಗ್ರಿಗೆ ಬಂದಾಗ ಅತಿ ಹೆಚ್ಚಾಗುತ್ತದೆ. ಇದನ್ನು ದೃಶ್ಯದ ಹರಿವು ಎನ್ನೋಣ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಗಿಬ್ಸನ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನ ಚಾಲಕರ ದೃಷ್ಟಿಯ ಬಗ್ಗೆ ಕೆಲಸ ಮಾಡುತ್ತ ಇದನ್ನು ಗುರುತಿಸಿ, 1950ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ನಮ್ಮ ಕಣ್ಣು ಕಿಲೋಮೀಟರ್ ಅಳೆಯುವುದಿಲ್ಲ. ಅದು ಅಳೆಯುವುದು ಈ ಹರಿವನ್ನು. ವೇಗ ಎಷ್ಟು ಎಂಬ ಅನಿಸಿಕೆ ಹೆಚ್ಚಾಗಿ ಅಂಚಿನ ಹರಿವಿನಿಂದ ಬರುತ್ತದೆ. ಮುಂದಿನ ತಿರುವು ಎಷ್ಟು ದೂರ ಎಂಬ ಅನಿಸಿಕೆ ನಡುಭಾಗದ ವಸ್ತುಗಳ ಗಾತ್ರದಿಂದ ಬರುತ್ತದೆ.

ನಿಜವಾದ ರಸ್ತೆಯಲ್ಲಿ ಈ ಎರಡೂ ಒಂದೇ ಮಾತು ಹೇಳುತ್ತವೆ. ಗೇಮಿನಲ್ಲಿ ಇವೆರಡೂ ಬೇರೆ ಬೇರೆ ಮಾತು ಹೇಳಲು ಸಾಧ್ಯ. ಅದಕ್ಕೆ ಕಾರಣ ಸೆಟ್ಟಿಂಗಿನಲ್ಲಿರುವ ಒಂದು ಅಂಕಿ. ಅದರ ಹೆಸರು ಫೀಲ್ಡ್ ಆಫ್ ವ್ಯೂ, ಚಿಕ್ಕದಾಗಿ ಎಫ್‌ಒವಿ. ಕನ್ನಡದಲ್ಲಿ ನೋಟದ ಕೋನ ಎನ್ನಬಹುದು.

ಪರದೆ ಒಂದು ಕಿಟಕಿ ಎಂದುಕೊಂಡರೆ

ಲ್ಯಾಪ್‌ಟಾಪಿನ ಪರದೆಯನ್ನು ಗಾಜಿನ ಕಿಟಕಿ ಎಂದು ಭಾವಿಸಿ. ಕಿಟಕಿಯ ಎಡ ಅಂಚಿನಿಂದ ಕಣ್ಣಿಗೆ ಒಂದು ಗೆರೆ, ಬಲ ಅಂಚಿನಿಂದ ಇನ್ನೊಂದು ಗೆರೆ ಎಳೆಯಿರಿ. ಎರಡರ ನಡುವಿನ ಕೋನವೇ ಆ ಪರದೆಯ ನಿಜವಾದ ನೋಟದ ಕೋನ. ಪರದೆಯ ಅಗಲ w, ಕಣ್ಣಿನಿಂದ ಪರದೆಗೆ ಇರುವ ದೂರ d ಆದರೆ:

```
FOV = 2 × atan( w / (2 × d) )
```

ನನ್ನ ಲ್ಯಾಪ್‌ಟಾಪ್ 15.6 ಇಂಚಿನದು. ಈ ಇಂಚು ಕರ್ಣದ ಅಳತೆ. ಅಗಲವನ್ನು ಪಟ್ಟಿ ಹಿಡಿದು ಅಳೆದರೆ 34.5 ಸೆಂಟಿಮೀಟರ್. ಮೇಜಿನ ಮೇಲಿಟ್ಟು ಕುಳಿತಾಗ ಕಣ್ಣಿಗೂ ಪರದೆಗೂ ಸುಮಾರು 60 ಸೆಂಟಿಮೀಟರ್. ಲೆಕ್ಕ ಹಾಕಿದರೆ ನೋಟದ ಕೋನ 32 ಡಿಗ್ರಿ ಬರುತ್ತದೆ. ಅಷ್ಟೇ.

ಪರದೆ ದೊಡ್ಡದಾದರೆ ಕೋನವೂ ದೊಡ್ಡದು ಎಂದು ನೀವು ಅಂದುಕೊಳ್ಳಬಹುದು. ಮನೆಯ 43 ಇಂಚಿನ ಟಿವಿಯ ಅಗಲ 95 ಸೆಂಟಿಮೀಟರ್. ಒಂದೂವರೆ ಮೀಟರ್ ದೂರದಲ್ಲಿ ಕುಳಿತರೆ ಅದರ ಕೋನ 35 ಡಿಗ್ರಿ. ಕೈಯಲ್ಲಿ ಅಡ್ಡ ಹಿಡಿದ ಮೊಬೈಲಿನ ಅಗಲ 15 ಸೆಂಟಿಮೀಟರ್, ದೂರ 30 ಸೆಂಟಿಮೀಟರ್, ಕೋನ 28 ಡಿಗ್ರಿ. ಮೊಬೈಲು, ಲ್ಯಾಪ್‌ಟಾಪು, ಟಿವಿ ಮೂರೂ ಹೆಚ್ಚುಕಡಿಮೆ ಒಂದೇ ಅಳತೆಯ ಕಿಟಕಿಗಳು, ಯಾಕೆಂದರೆ ಪರದೆ ದೊಡ್ಡದಾದಂತೆ ನಾವು ಹಿಂದೆ ಸರಿದು ಕೂರುತ್ತೇವೆ.

ಇನ್ನು ಗೇಮಿನೊಳಗಿನ ಕ್ಯಾಮೆರಾಕ್ಕೆ ಅದರದೇ ಕೋನ ಇರುತ್ತದೆ. "ಜೋರು ಕಾಣತೈತಿ" ಎಂದು ಗೆಳೆಯನೊಬ್ಬ ನನ್ನ ಗೇಮಿನಲ್ಲಿ ಆ ಕೋನವನ್ನು 90ಕ್ಕೆ ಏರಿಸಿದ್ದ. ಅಂದರೆ 90 ಡಿಗ್ರಿಯ ಜಗತ್ತನ್ನು 32 ಡಿಗ್ರಿಯ ಕಿಟಕಿಯೊಳಗೆ ಹಿಂಡಿ ತುಂಬಿದ ಹಾಗೆ. ಮಾಮು ಕುಳಿತದ್ದು ಆ ಕಿಟಕಿಯ ಮುಂದೆ.

ಹಿಂಡಿದಾಗ ಏನಾಗುತ್ತದೆ

ಮೊದಲು ನಡುಭಾಗ ನೋಡೋಣ. ಹಿಂಡಿದ ಚಿತ್ರದಲ್ಲಿ ದೂರದ ವಸ್ತುಗಳೆಲ್ಲ ಕುಗ್ಗುತ್ತವೆ. ಎಷ್ಟು ಕುಗ್ಗುತ್ತವೆ ಎಂದು ತಿಳಿಯಲು ಎರಡು ಅರ್ಧಕೋನಗಳ tan ಬೆಲೆಗಳನ್ನು ಭಾಗಿಸಿದರೆ ಸಾಕು. 16 ಡಿಗ್ರಿಯ tan 0.287. 45 ಡಿಗ್ರಿಯ tan 1. ಆದ್ದರಿಂದ ವಸ್ತುಗಳು ಇರಬೇಕಾದ ಗಾತ್ರದ 0.287ರಷ್ಟೇ ಕಾಣುತ್ತವೆ. 100 ಮೀಟರ್ ದೂರದಲ್ಲಿರುವ ಬ್ರೇಕ್ ಫಲಕ ಕಣ್ಣಿಗೆ 350 ಮೀಟರ್ ದೂರದಲ್ಲಿದ್ದಂತೆ ಕಾಣುತ್ತದೆ. ತಿರುವು ಸವದತ್ತಿಯಲ್ಲಿದೆ ಎಂದು ಮಾಮುಗೆ ಅನಿಸಿದ್ದು ಇದರಿಂದಲೇ. ಇಪ್ಪತ್ತು ವರ್ಷದ ಅಭ್ಯಾಸದ ಕಣ್ಣು "ಇನ್ನೂ ದೂರ ಇದೆ" ಎಂದಿತು, ಕಾಲು ಬ್ರೇಕಿಗೆ ತಡವಾಗಿ ಹೋಯಿತು.

ಈಗ ಅಂಚು. ಕಾರು ಸೆಕೆಂಡಿಗೆ 30 ಮೀಟರ್, ಅಂದರೆ ಗಂಟೆಗೆ 108 ಕಿಲೋಮೀಟರ್ ಹೋಗುತ್ತಿದೆ ಎನ್ನಿ. ರಸ್ತೆಯ ಪಕ್ಕ, ಕ್ಯಾಮೆರಾದಿಂದ 3 ಮೀಟರ್ ಬದಿಗೆ ಕಂಬಗಳ ಸಾಲು ಇದೆ. ಒಂದು ಕಂಬ ಪರದೆಯ ಅಂಚನ್ನು ದಾಟುವ ಕ್ಷಣದಲ್ಲಿ ಪರದೆಯ ಮೇಲೆ ಅದರ ವೇಗ ಎಷ್ಟು? ಲೆಕ್ಕ ಬಿಡಿಸಿದರೆ ಸೂತ್ರ ಹೀಗೆ ಬರುತ್ತದೆ. ಇಲ್ಲಿ v ಕಾರಿನ ವೇಗ, y ಕಂಬದ ಬದಿದೂರ:

```
edge speed = v × (w/2) × tan(FOV/2) / y
```

ಕೋನ 32 ಇದ್ದಾಗ ಕಂಬ ಪರದೆಯ ಅಂಚಿನಲ್ಲಿ ಸೆಕೆಂಡಿಗೆ 50 ಸೆಂಟಿಮೀಟರ್ ವೇಗದಲ್ಲಿ ಜಾರುತ್ತದೆ. ಕೋನ 60 ಮಾಡಿದರೆ 100 ಸೆಂಟಿಮೀಟರ್. ಕೋನ 90 ಮಾಡಿದರೆ 172 ಸೆಂಟಿಮೀಟರ್. ಕಾರಿನ ವೇಗ ಒಂದಿಷ್ಟೂ ಬದಲಾಗದೆ ಅಂಚಿನ ಹರಿವು ಮೂರೂವರೆ ಪಟ್ಟು ಏರಿತು. ಬಾಜೂಕಿನ ರಸ್ತೆ ಎಂಬತ್ತರಲ್ಲಿ ಓಡುತ್ತಿದೆ ಎಂಬ ಮಾಮು ಮಾತಿಗೆ ಇದೇ ಕಾರಣ.

ಹೀಗೆ ಒಂದೇ ಸೆಟ್ಟಿಂಗು ಅಂಚಿನಲ್ಲಿ ವೇಗವನ್ನು ಹಿಗ್ಗಿಸುತ್ತದೆ, ನಡುವೆ ದೂರವನ್ನೂ ಹಿಗ್ಗಿಸುತ್ತದೆ. ಮೊದಲನೆಯದು ಮೈ ಜುಮ್ಮೆನಿಸುತ್ತದೆ. ಎರಡನೆಯದು ಕಾರನ್ನು ಹುಲ್ಲಿಗೆ ಇಳಿಸುತ್ತದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕೋನ 90 ಇಟ್ಟುಕೊಂಡೇ ಚೆನ್ನಾಗಿ ಆಡುವವರು ಇದ್ದಾರಲ್ಲ? ಇದ್ದಾರೆ. ತಿರುವು ತಲುಪಲು ಉಳಿದಿರುವ ಸಮಯವನ್ನು ಕಣ್ಣು ಇನ್ನೊಂದು ದಾರಿಯಿಂದಲೂ ಅಂದಾಜು ಮಾಡುತ್ತದೆ. ಫಲಕದ ಗಾತ್ರವನ್ನು ಅದು ದೊಡ್ಡದಾಗುತ್ತಿರುವ ದರದಿಂದ ಭಾಗಿಸಿದರೆ ಉಳಿದ ಸಮಯ ಸಿಗುತ್ತದೆ. ಕೋನ ಬದಲಾದರೆ ಗಾತ್ರವೂ ದರವೂ ಒಂದೇ ಪ್ರಮಾಣದಲ್ಲಿ ಕುಗ್ಗುವುದರಿಂದ ಆ ಭಾಗಲಬ್ಧ ಬದಲಾಗುವುದಿಲ್ಲ. ಹಾಗಾಗಿ ಅಭ್ಯಾಸದಿಂದ ಕಣ್ಣು ಹೊಂದಿಕೊಳ್ಳುತ್ತದೆ. ಆದರೆ ಮೂರೂವರೆ ಪಟ್ಟು ಕುಗ್ಗಿದ ಫಲಕ ಬೆಳೆಯುವುದು ಗಮನಕ್ಕೆ ಬರುವ ಹೊತ್ತಿಗೆ ಅದು ತೀರ ಹತ್ತಿರ ಬಂದಿರುತ್ತದೆ. ಅಂದಾಜಿಗೆ ಸಿಗುವ ಸಮಯ ಕಡಿಮೆ. ಜೊತೆಗೆ ಒಂದೇ ಟ್ರ್ಯಾಕನ್ನು ನೂರು ಸಲ ಸುತ್ತಿದವರು ಕಣ್ಣಿನಿಂದಲ್ಲ, ನೆನಪಿನಿಂದ ಬ್ರೇಕ್ ಹಿಡಿಯುತ್ತಾರೆ. ಹೊಸ ಟ್ರ್ಯಾಕ್ ಕೊಟ್ಟರೆ ವ್ಯತ್ಯಾಸ ಗೊತ್ತಾಗುತ್ತದೆ.

ಹಾಗಾದರೆ 32 ಇಡಬೇಕೇ?

ನಾವು ಹಾಗೆಯೇ ಇಟ್ಟು ನೋಡಿದೆವು. ತಿರುವುಗಳು ತಮ್ಮ ಜಾಗದಲ್ಲಿ ನಿಂತವು, ಮಾಮು ಸರಿಯಾಗಿ ಬ್ರೇಕ್ ಹಿಡಿಯತೊಡಗಿದರು. ಆದರೆ ಹೊಸ ತೊಂದರೆ ಬಂತು. ಕುದುರೆಯ ಕಣ್ಣಿಗೆ ಪಟ್ಟಿ ಕಟ್ಟಿದ ಹಾಗೆ ಪಕ್ಕದ ನೋಟವೇ ಇಲ್ಲ. ಕನ್ನಡಿ ಕಾಣದು, ಪಕ್ಕಕ್ಕೆ ಬಂದ ಕಾರು ಕಾಣದು. ಅಂಚಿನ ಹರಿವು ಬಹಳ ಕಡಿಮೆಯಾದ್ದರಿಂದ ನೂರರ ಮೇಲೆ ಹೋದರೂ ಅರವತ್ತರಲ್ಲಿ ಹೋದಂತೆ ಅನಿಸಿತು. ಸುತ್ತಲಿನ ನೋಟ ಮುಚ್ಚಿದಾಗ ಮನುಷ್ಯ ವೇಗವನ್ನು ಕಡಿಮೆ ಅಂದಾಜು ಮಾಡುತ್ತಾನೆ. ನಮಗೂ ಅದೇ ಆಯಿತು.

ಇದಕ್ಕೆ ಒಳ್ಳೆಯ ಪರಿಹಾರ ಸೆಟ್ಟಿಂಗಿನಲ್ಲಿ ಇಲ್ಲ, ಮೇಜಿನ ಮೇಲೆ ಇದೆ. ಪರದೆಯನ್ನು ಹತ್ತಿರ ಎಳೆದುಕೊಳ್ಳಿ. ಲ್ಯಾಪ್‌ಟಾಪನ್ನು ನಾಲ್ಕು ಪುಸ್ತಕಗಳ ಮೇಲೆ ಕಣ್ಣಿನ ಮಟ್ಟಕ್ಕೆ ಏರಿಸಿ, ಬೇರೆ ಕೀಬೋರ್ಡ್ ಇಲ್ಲವೇ ಜಾಯ್‌ಸ್ಟಿಕ್ ಹಚ್ಚಿ, 45 ಸೆಂಟಿಮೀಟರ್ ದೂರದಲ್ಲಿ ಕುಳಿತರೆ ನಿಜವಾದ ಕೋನ 32ರಿಂದ 42ಕ್ಕೆ ಏರುತ್ತದೆ. ಟಿವಿಗೆ ಜೋಡಿಸಿದ್ದರೆ 90 ಸೆಂಟಿಮೀಟರಿಗೆ ಬಂದು ಕುಳಿತರೆ 35 ಇದ್ದದ್ದು 56 ಆಗುತ್ತದೆ. ಇಷ್ಟು ಹತ್ತಿರ ಕುಳಿತಾಗ ಕಣ್ಣು ಬೇಗ ದಣಿಯುತ್ತದೆ, ಆದ್ದರಿಂದ ಇದು ಗಂಟೆಗಟ್ಟಲೆ ಕೂರುವ ದೂರವಲ್ಲ.

ಅಲ್ಲಿಂದ ಮುಂದೆ ಸ್ವಲ್ಪ ರಾಜಿ ಮಾಡಿಕೊಳ್ಳಬಹುದು. ನಾವು 42ರ ಜಾಗದಲ್ಲಿ 50 ಇಟ್ಟೆವು. ಆಗ 100 ಮೀಟರಿನ ಫಲಕ ಸುಮಾರು 120 ಮೀಟರಿನಲ್ಲಿದ್ದಂತೆ ಕಾಣುತ್ತದೆ. 350ಕ್ಕೆ ಹೋಲಿಸಿದರೆ ಇದು ಕಣ್ಣು ಬೇಗ ಸರಿಪಡಿಸಿಕೊಳ್ಳುವ ತಪ್ಪು.

ಇಲ್ಲಿ ಒಂದು ಎಚ್ಚರಿಕೆ. ಕೆಲವು ಗೇಮುಗಳು ಅಡ್ಡ ಕೋನ ಕೇಳುತ್ತವೆ, ಅಸೆಟ್ಟೊ ಕೋರ್ಸಾದಂತಹವು ಲಂಬ ಕೋನ ಕೇಳುತ್ತವೆ. 16:9 ಪರದೆಯಲ್ಲಿ ಅಡ್ಡ 90 ಎಂದರೆ ಲಂಬ 59. ಅಡ್ಡ 50 ಎಂದರೆ ಲಂಬ 29. ಯಾವುದೆಂದು ನೋಡದೆ ಲಂಬದ ಜಾಗದಲ್ಲಿ 50 ಬರೆದರೆ ಅಡ್ಡಕ್ಕೆ 79 ಡಿಗ್ರಿ ಆಗುತ್ತದೆ, ಮಾಡಿದ ಲೆಕ್ಕವೆಲ್ಲ ವ್ಯರ್ಥ. ಗೊತ್ತಾಗುವುದು ಹೇಗೆಂದರೆ, ಕಾರು ನಿಲ್ಲಿಸಿ ಪರದೆಯ ಅಂಚಿನಲ್ಲಿರುವ ಚಕ್ರ ಅಥವಾ ಕನ್ನಡಿಯನ್ನು ನೋಡಿ. ಅದು ಎಳೆದ ರಬ್ಬರಿನಂತೆ ಉದ್ದವಾಗಿ ಕಂಡರೆ ಕೋನ ಹೆಚ್ಚಾಗಿದೆ.

ಕಣ್ಣು ಎಷ್ಟು ಎತ್ತರದಲ್ಲಿದೆ

ಮಾಮು ಮಾತಿಗೆ ಇನ್ನೊಂದು ಕಾರಣವೂ ಇತ್ತು. ಅವರ ಕಣ್ಣಿಗೆ ರೂಢಿಯಾದ ಎತ್ತರ ಬಸ್ಸಿನದು, ನೆಲದಿಂದ ಎರಡು ಮೀಟರಿಗೂ ಹೆಚ್ಚು. ಗೇಮಿನ ಕಾರಿನಲ್ಲಿ ಕ್ಯಾಮೆರಾ ಇರುವುದು ಸುಮಾರು 1.1 ಮೀಟರಿನಲ್ಲಿ.

ನೆಲದ ಹರಿವನ್ನು ಕಣ್ಣು ತನ್ನ ಎತ್ತರದ ಲೆಕ್ಕದಲ್ಲಿ ಅಳೆಯುತ್ತದೆ. ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ 16.7 ಮೀಟರ್. ಕಣ್ಣು 2.2 ಮೀಟರ್ ಎತ್ತರದಲ್ಲಿದ್ದರೆ ಸೆಕೆಂಡಿಗೆ ತನ್ನ ಎತ್ತರದ ಏಳೂವರೆ ಪಟ್ಟು ನೆಲ ಸರಿಯುತ್ತದೆ. 1.1 ಮೀಟರಿನಲ್ಲಿದ್ದರೆ ಹದಿನೈದು ಪಟ್ಟು. ಬಂಪರ್ ಕ್ಯಾಮೆರಾ ಅರ್ಧ ಮೀಟರಿನಲ್ಲಿರುತ್ತದೆ, ಅಲ್ಲಿ ಮೂವತ್ಮೂರು ಪಟ್ಟು. ಕಬ್ಬಿನ ಲಾರಿಯ ಕ್ಯಾಬಿನ್ನಿನಲ್ಲಿ ಕುಳಿತಾಗ ನಿಧಾನ ಅನಿಸಿದ ವೇಗ ಸ್ಕೂಟಿಯ ಮೇಲೆ ಜೋರು ಅನಿಸುವುದರಲ್ಲಿ ಗಾಳಿಯ ಪಾಲು ಇದ್ದೇ ಇದೆ, ಎತ್ತರದ ಪಾಲೂ ಇದೆ.

ಗೇಮಿನಲ್ಲಿ ಕ್ಯಾಮೆರಾ ಆಯ್ಕೆ ಹೊಸದಲ್ಲ. 1992ರಲ್ಲಿ ಸೆಗಾ ಕಂಪನಿ ತಂದ ವರ್ಚುವಾ ರೇಸಿಂಗ್ ಯಂತ್ರದಲ್ಲೇ ನೋಟ ಬದಲಿಸಲು ನಾಲ್ಕು ಗುಂಡಿಗಳಿದ್ದವು. ಇಂದಿನ ಗೇಮುಗಳಲ್ಲಿ ಸಾಮಾನ್ಯವಾಗಿ ನಾಲ್ಕು ಜಾಗ ಸಿಗುತ್ತವೆ: ಬಂಪರು, ಬಾನೆಟ್ಟು, ಚಾಲಕನ ಸೀಟು, ಕಾರಿನ ಹಿಂದೆ ಮೇಲೆ.

ಬಂಪರಿನಲ್ಲಿ ವೇಗದ ಅನಿಸಿಕೆ ಅತಿ ಹೆಚ್ಚು. ಆದರೆ ಕಣ್ಣ ಮುಂದೆ ಕಾರಿನ ಯಾವ ಭಾಗವೂ ಇಲ್ಲ, ಹಾಗಾಗಿ ಕಾರು ಅಡ್ಡ ಜಾರುತ್ತಿದ್ದರೆ ತಿಳಿಯುವುದು ತಡ. ಹಿಂದಿನ ಕ್ಯಾಮೆರಾದಲ್ಲಿ ಎತ್ತರ ಹೆಚ್ಚು, ಹತ್ತಿರದ ರಸ್ತೆಯನ್ನು ಕಾರೇ ಮುಚ್ಚುತ್ತದೆ, ಹಾಗಾಗಿ ಹರಿವು ಕಡಿಮೆ. ಈ ಕೊರತೆ ತುಂಬಲು ಗೇಮ್ ಮಾಡುವವರು ಒಂದು ಉಪಾಯ ಹೂಡುತ್ತಾರೆ. ನೈಟ್ರೋ ಒತ್ತಿದ ಕೂಡಲೇ ಕ್ಯಾಮೆರಾವನ್ನು ಹಿಂದಕ್ಕೆ ಸರಿಸಿ, ನೋಟದ ಕೋನವನ್ನು ಹಿಗ್ಗಿಸುತ್ತಾರೆ. ಸ್ಪೀಡೋಮೀಟರು ಸ್ವಲ್ಪವೇ ಏರಿದರೂ ಅಂಚಿನ ಹರಿವು ಥಟ್ಟನೆ ಏರುತ್ತದೆ. ನಮಗೆ ಅನಿಸುವ ಆ ಒದೆ ಎಂಜಿನ್ನಿನದಲ್ಲ, ಕ್ಯಾಮೆರಾದ್ದು.

ಚಾಲಕನ ಸೀಟಿನ ನೋಟದಲ್ಲಿ ಗಾಜಿನ ಕಂಬ, ಡ್ಯಾಶ್‌ಬೋರ್ಡು ಸ್ಥಿರವಾಗಿ ಕಾಣುತ್ತವೆ. ಅವುಗಳಿಗೆ ಹೋಲಿಸಿ ರಸ್ತೆ ಎತ್ತ ಸರಿಯುತ್ತಿದೆ ಎಂದು ಕಣ್ಣು ತಿಳಿಯುತ್ತದೆ. ಈ ಒಳಭಾಗಗಳನ್ನು ಚಿತ್ರಿಸುವ ಕೆಲಸದಲ್ಲಿ ನಮ್ಮ ರಾಜ್ಯದ ಕೈಗಳೂ ಇವೆ. 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ಸಂಸ್ಥೆಯ ಕಲಾವಿದರು ಫೋರ್ಜಾ ಸರಣಿಯ ರೇಸಿಂಗ್ ಗೇಮುಗಳಿಗೆ ಕೆಲಸ ಮಾಡಿದ್ದಾರೆ. 2019ರಲ್ಲಿ ಆ ಸಂಸ್ಥೆಯನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು.

ಸೀಟಿನ ನೋಟದಲ್ಲಿ ಬಹಳ ಜನ ಮಾಡುವ ತಪ್ಪು ಒಂದಿದೆ. ರಸ್ತೆ ಸಣ್ಣದಾಗಿ ಕಾಣುತ್ತದೆ ಎಂದು ಸೀಟನ್ನು ಮುಂದೆ ಸರಿಸುತ್ತಾರೆ. ಸೀಟು ಅರ್ಧ ಮೀಟರ್ ಮುಂದೆ ಬಂದರೆ ಡ್ಯಾಶ್‌ಬೋರ್ಡು ಬಹಳ ಬದಲಾಗುತ್ತದೆ, 100 ಮೀಟರಿನ ತಿರುವು ಮಾತ್ರ ಅಲ್ಲೇ ಇರುತ್ತದೆ. ಸೀಟು ಬದಲಿಸಿದರೆ ಹತ್ತಿರದ್ದು ಬದಲಾಗುತ್ತದೆ, ಕೋನ ಬದಲಿಸಿದರೆ ದೂರದ್ದೂ ಬದಲಾಗುತ್ತದೆ. ಆದ್ದರಿಂದ ಮೊದಲು ಕೋನ ಗಟ್ಟಿ ಮಾಡಿ, ಆಮೇಲೆ ಸೀಟು ಸರಿಸಿ. ಡ್ಯಾಶ್‌ಬೋರ್ಡಿನ ಮೇಲಂಚು ಪರದೆಯ ಕೆಳಗಿನ ಮೂರನೇ ಒಂದು ಭಾಗದೊಳಗೆ ಬರುವಂತೆ ಸೀಟು ಇಟ್ಟರೆ ಹತ್ತಿರದ ರಸ್ತೆ ಸಾಕಷ್ಟು ಕಾಣುತ್ತದೆ.

ತಲೆ ತಿರುಗಿಸಿದರೆ ನೋಟ ತಿರುಗಬೇಕು

ಕೋನ 50ಕ್ಕೆ ಇಳಿಸಿದ ಮೇಲೆ ಪಕ್ಕದ ತಿರುವು, ಕನ್ನಡಿ ನೋಡುವುದು ಹೇಗೆ? ಇದಕ್ಕೆ ಹೆಡ್ ಟ್ರ್ಯಾಕಿಂಗ್ ಇದೆ. ನಮ್ಮ ತಲೆ ಎತ್ತ ತಿರುಗಿತು ಎಂದು ಗುರುತಿಸಿ ಗೇಮಿನ ಕ್ಯಾಮೆರಾವನ್ನು ತಿರುಗಿಸುವ ವ್ಯವಸ್ಥೆ. ಅದಕ್ಕೆಂದೇ ಮಾರುವ ಸಾಧನಗಳಿವೆ, ಬೆಲೆ ಹೆಚ್ಚು. ಉಚಿತವಾದ ಓಪನ್‌ಟ್ರ್ಯಾಕ್ ಎಂಬ ತಂತ್ರಾಂಶ ಲ್ಯಾಪ್‌ಟಾಪಿನ ವೆಬ್‌ಕ್ಯಾಮಿನಿಂದಲೇ ಕೆಲಸ ಮಾಡುತ್ತದೆ. ಅದರಲ್ಲಿ ಮೂರು ಆಯ್ಕೆ ಮಾಡಬೇಕು:

```
Input:  neuralnet tracker
Filter: Accela
Output: freetrack 2.0 Enhanced
```

ಯೂರೋ ಟ್ರಕ್ ಸಿಮ್ಯುಲೇಟರ್ 2, ಅಸೆಟ್ಟೊ ಕೋರ್ಸಾ ಮುಂತಾದ ಹೆಡ್ ಟ್ರ್ಯಾಕಿಂಗ್ ಬೆಂಬಲವಿರುವ ಪಿಸಿ ಗೇಮುಗಳಲ್ಲಿ ಇದು ನಡೆಯುತ್ತದೆ. ಬೆಳಕು ಮುಖದ ಮೇಲೆ ಬೀಳಬೇಕು. ಬೆನ್ನ ಹಿಂದೆ ಕಿಟಕಿ ಇದ್ದರೆ ಮುಖ ಕಪ್ಪಾಗಿ ಟ್ರ್ಯಾಕಿಂಗ್ ನಡುಗುತ್ತದೆ.

ತಲೆ ತಿರುಗಿಸಿದರೂ ಪರದೆ ಮೇಜಿನ ಮೇಲೆಯೇ ಇರುತ್ತದೆಯಲ್ಲ. ಆದ್ದರಿಂದ ತಲೆಯ ಸಣ್ಣ ತಿರುಗುವಿಕೆಗೆ ಕ್ಯಾಮೆರಾ ದೊಡ್ಡದಾಗಿ ತಿರುಗುವಂತೆ ಮಾಡಬೇಕು. ತಲೆ 15 ಡಿಗ್ರಿ ತಿರುಗಿದರೆ ಕ್ಯಾಮೆರಾ 45 ಡಿಗ್ರಿ ತಿರುಗಲಿ. ನಡುವಿನ ಎರಡು ಮೂರು ಡಿಗ್ರಿ ಮಾತ್ರ ಸತ್ತ ಜಾಗವಾಗಿರಲಿ, ಅಲ್ಲಿ ತಲೆ ಅಲುಗಿದರೂ ಕ್ಯಾಮೆರಾ ಅಲುಗಬಾರದು. ಯಾಕೆಂದರೆ ಕ್ಯಾಮೆರಾ ತಿರುಗಿದಾಗ ಇಡೀ ದೃಶ್ಯ ಪಕ್ಕಕ್ಕೆ ಸರಿಯುತ್ತದೆ. ಆ ಸರಿತ ನಿಜವಾದ ಹರಿವಿಗೆ ಬೆರೆತು, ಮೊದಲು ಹೇಳಿದ ಅಲುಗದ ಬಿಂದುವನ್ನೇ ಮರೆಮಾಡುತ್ತದೆ. ನೇರ ರಸ್ತೆಯಲ್ಲಿ ಹೀಗಾದರೆ ವೇಗದ ಅಂದಾಜು ಕೆಡುತ್ತದೆ, ತಲೆ ಸುತ್ತುತ್ತದೆ.

ತಿರುವಿನೊಳಗೆ ನೋಡುವಾಗ ವೇಗ ಏರಿದಂತೆ ಅನಿಸುವುದೂ ಸಹಜ. ಬಸ್ಸಿನ ಮುಂದಿನ ಗಾಜು ಬಿಟ್ಟು ಪಕ್ಕದ ಕಿಟಕಿಯತ್ತ ಕಣ್ಣು ಹೊರಳಿದಂತೆ ಅದು. ಹಾಗಾಗಿ ಬ್ರೇಕ್ ಹಿಡಿಯುವ ನಿರ್ಧಾರ ನೇರ ನೋಡುತ್ತಲೇ ಮುಗಿಯಲಿ, ತಲೆ ಆಮೇಲೆ ತಿರುಗಲಿ.

ತಲೆ ಪಕ್ಕಕ್ಕೆ ವಾಲಿಸಿದರೆ ಇನ್ನೊಂದು ಲಾಭವಿದೆ. ಕಾರು ನಿಲ್ಲಿಸಿ 10 ಸೆಂಟಿಮೀಟರ್ ಎಡಕ್ಕೆ ವಾಲಿ ನೋಡಿ. ಗಾಜಿನ ಕಂಬ ದೂರದ ಮರದ ಮುಂದೆ ಬಲಕ್ಕೆ ಸರಿಯಬೇಕು. ಎಡಕ್ಕೆ ಸರಿದರೆ ದಿಕ್ಕು ಉಲ್ಟಾ ಇದೆ, ಸೆಟ್ಟಿಂಗಿನಲ್ಲಿ ತಿರುಗಿಸಿ. ಹತ್ತಿರದ್ದು ಹೆಚ್ಚು, ದೂರದ್ದು ಕಡಿಮೆ ಸರಿಯುವ ಈ ವ್ಯತ್ಯಾಸದಿಂದಲೇ ಚಪ್ಪಟೆ ಪರದೆಯಲ್ಲಿ ಆಳ ಕಾಣುತ್ತದೆ.

ಇದರ ಮಿತಿ ತಡ. ವೆಬ್‌ಕ್ಯಾಮ್ ಸೆಕೆಂಡಿಗೆ 30 ಚಿತ್ರ ತೆಗೆದರೆ ಒಂದು ಚಿತ್ರಕ್ಕೇ 33 ಮಿಲಿಸೆಕೆಂಡ್ ಹೋಗುತ್ತದೆ, ನಡುಕ ತೆಗೆಯುವ ಫಿಲ್ಟರಿನ ತಡ ಅದರ ಮೇಲೆ. ತಲೆ ಬೇಗ ಅಲ್ಲಾಡಿಸಿದಾಗ ನೋಟ ಹಿಂದಿನಿಂದ ಓಡಿ ಬಂದಂತೆ ಕಂಡರೆ ಫಿಲ್ಟರಿನ ಸ್ಮೂತಿಂಗ್ ಇಳಿಸಿ. ನಡುಗಿದರೆ ಸ್ವಲ್ಪ ಏರಿಸಿ. ಎರಡರ ನಡುವೆ ಹದ ಹುಡುಕಬೇಕು. ಮತ್ತು ಹೆಡ್ ಟ್ರ್ಯಾಕಿಂಗ್ ಜಾಗದ ಅಂದಾಜಿಗೆ ಸಹಾಯ ಮಾಡುವಷ್ಟು ವೇಗದ ಅಂದಾಜಿಗೆ ಮಾಡುವುದಿಲ್ಲ. ಅಲ್ಲಿ ದೊಡ್ಡ ಪಾಲು ಕೋನದ್ದು, ಎತ್ತರದ್ದು.

ಕಾಗದದ ಚೂರಿನ ಪರೀಕ್ಷೆ

ನಿಮ್ಮ ಸೆಟ್ಟಿಂಗ್ ಸರಿಯೇ ಎಂದು ತಿಳಿಯಲು ಕಾಗದದ ಚೂರು, ಪೆನ್ನು ಸಾಕು. ಪರದೆಯ ಮೇಲಿನ ಸ್ಪೀಡೋಮೀಟರಿಗೆ ಕಾಗದ ಅಂಟಿಸಿ. ಶಬ್ದ ಪೂರ್ತಿ ಬಂದ್ ಮಾಡಿ, ಯಾಕೆಂದರೆ ಎಂಜಿನ್ನಿನ ಸದ್ದು ವೇಗವನ್ನು ಹೇಳಿಬಿಡುತ್ತದೆ. ನೇರ ರಸ್ತೆಯಲ್ಲಿ ಅರವತ್ತು ಅನಿಸುವಷ್ಟು ವೇಗ ಹಿಡಿಯಿರಿ. ಗೆಳೆಯನಿಗೆ ಕಾಗದ ಎತ್ತಿ ಅಂಕಿ ಬರೆದುಕೊಳ್ಳಲು ಹೇಳಿ, ಆದರೆ ನಿಮಗೆ ಹೇಳಬಾರದು. ಹೀಗೆ ಹತ್ತು ಸಲ ಮಾಡಿ ಸರಾಸರಿ ತೆಗೆಯಿರಿ. ಪ್ರತಿ ಕೋನಕ್ಕೂ ಹೀಗೆಯೇ.

ನಮ್ಮ ಮನೆಯಲ್ಲಿ ಫಲಿತಾಂಶ ಲೆಕ್ಕದ ದಿಕ್ಕಿನಲ್ಲೇ ಬಂತು. ಕೋನ ಕಡಿಮೆ ಇದ್ದಾಗ ಎಲ್ಲರೂ ಅರವತ್ತನ್ನು ದಾಟಿ ಹೋಗಿದ್ದೆವು, 90 ಇದ್ದಾಗ ಅದಕ್ಕಿಂತ ಕೆಳಗೇ ನಿಂತಿದ್ದೆವು. ಮಾಮು ಎಲ್ಲರಿಗಿಂತ ಹೆಚ್ಚು ಏರುಪೇರಾದರು, ಯಾಕೆಂದರೆ ಅವರ ಕಣ್ಣು ನಿಜವಾದ ರಸ್ತೆಯ ಅಳತೆ ಹಿಡಿದೇ ನೋಡುತ್ತಿತ್ತು.

90ರಲ್ಲಿ ಇನ್ನೊಂದು ತೊಂದರೆ ಕಾಣಬಹುದು. ಅಂಚಿನ ಕಂಬ ಸೆಕೆಂಡಿಗೆ 172 ಸೆಂಟಿಮೀಟರ್ ಜಾರುವಾಗ, ಗೇಮು ಸೆಕೆಂಡಿಗೆ 30 ಚಿತ್ರ ಮಾತ್ರ ತೋರಿಸಿದರೆ ಕಂಬ ಒಂದೊಂದು ಚಿತ್ರಕ್ಕೆ ಸುಮಾರು 6 ಸೆಂಟಿಮೀಟರ್ ಹಾರುತ್ತದೆ. ಆಗ ಹರಿವು ಹರಿವಾಗಿ ಉಳಿಯದೆ ಕುಪ್ಪಳಿಕೆಯಾಗುತ್ತದೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಗ್ರಾಫಿಕ್ಸ್ ಇಳಿಸಿ ಚಿತ್ರಗಳ ಸಂಖ್ಯೆ 60ಕ್ಕೆ ತಂದರೆ ವೇಗದ ಅಂದಾಜಿಗೆ ಹೆಚ್ಚು ಉಪಯೋಗ.

ಕಿತ್ತೂರಿನ ಬಳಿ ಹೆದ್ದಾರಿ ಇಳಿದಾಗ

ಕೊನೆಗೆ ಒಂದು ಮಾತು, ಇದು ಗೇಮಿನ ಹೊರಗಿನದು. ಕಣ್ಣು ಹರಿವಿಗೆ ಬಹಳ ಬೇಗ ಹೊಂದಿಕೊಳ್ಳುತ್ತದೆ. ಅರ್ಧ ಗಂಟೆ ಜೋರಾದ ಹರಿವು ನೋಡಿದ ಕಣ್ಣಿಗೆ ಆಮೇಲಿನ ಹರಿವು ನಿಧಾನ ಅನಿಸುತ್ತದೆ. ಧಾರವಾಡದಿಂದ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಬಂದು, ಕಿತ್ತೂರಿನ ಬಳಿ ಇಳಿದು ಬೈಲಹೊಂಗಲದ ರಸ್ತೆಗೆ ತಿರುಗಿದವರಿಗೆ ಇದು ಗೊತ್ತು. ಮೀಟರಿನಲ್ಲಿ ಐವತ್ತು ಇರುತ್ತದೆ, ಮೈಗೆ ಮೂವತ್ತು ಅನಿಸುತ್ತದೆ. ಅಲ್ಲೇ ಎದುರಿಗೆ ಎತ್ತಿನ ಗಾಡಿಯೋ ಕಬ್ಬಿನ ಟ್ರ್ಯಾಕ್ಟರೋ ಬರುತ್ತದೆ. ಗೇಮ್ ಮುಚ್ಚಿ ಕೂಡಲೇ ಬೈಕ್ ಹತ್ತಿದವನ ಕಣ್ಣೂ ಅದೇ ಸ್ಥಿತಿಯಲ್ಲಿರುತ್ತದೆ. ಗೇಮಿನಲ್ಲಿ ತಪ್ಪಿದರೆ ಹುಲ್ಲು ಸಿಗುತ್ತದೆ, ರಸ್ತೆಯಲ್ಲಿ ಹಾಗಲ್ಲ.

ಇದನ್ನೆಲ್ಲ ವಿವರಿಸಿ ಮಾಮುಗೆ ಕೇಳಿದೆ, "ಹಾಗಾದ್ರ ಹೆದ್ದಾರಿ ಇಳಿದ ಮ್ಯಾಲ ನೀವು ಏನ್ ಮಾಡ್ತೀರಿ ಮಾಮು?"

"ಏನಿಲ್ಲ ಬೇಟಾ," ಎಂದರು. "ಹೆದ್ದಾರಿ ಇಳಿದ ಮ್ಯಾಲ ಮೊದಲ ಹತ್ತು ನಿಮಿಷ ನಾ ಕಣ್ಣು ನಂಬೂದಿಲ್ಲ, ಮುಳ್ಳು ನಂಬತೀನಿ."